ಮಾಡಿದ ದಿನಗಳಿಗಷ್ಟೇ ಸಹಿ ಕೇಳು

ಪುಟ್ಟಿ,

ನಿನ್ನ ಸೀನಿಯರ್‌ಗೆ ಕೊಡಬೇಕೆಂದು ಬರೆದಿಟ್ಟುಕೊಂಡಿರುವ ಪತ್ರದ ಕರಡು ಓದಿದೆ. ಭಾಷೆ ಚೆನ್ನಾಗಿದೆ, ವಿನಯವೂ ಇದೆ. ಆದರೆ ಕೊನೆಯಲ್ಲಿ ಒಂದು ವಾಕ್ಯ ಬರೆದಿದ್ದೀಯ: ‘ನಾಲ್ಕು ವಾರಗಳ ಇಂಟರ್ನ್‌ಶಿಪ್ ಪೂರ್ಣಗೊಳಿಸಿರುವುದಾಗಿ ಪ್ರಮಾಣಪತ್ರ ನೀಡಬೇಕೆಂದು ಕೋರುತ್ತೇನೆ.’ ಎರಡು ವಾರಕ್ಕೆ ಬಿಟ್ಟು ಹೊರಟವಳು ನಾಲ್ಕು ವಾರಕ್ಕೆ ಸಹಿ ಕೇಳುತ್ತಿದ್ದೀಯ. ನೀನು ಮೋಸ ಮಾಡಬೇಕೆಂದು ಬರೆದಿಲ್ಲ, ಎಲ್ಲರೂ ಹಾಗೇ ಕೇಳುತ್ತಾರೆಂದು ಬರೆದಿದ್ದೀಯ ಎಂಬುದು ಗೊತ್ತು. ಆದರೂ ಪತ್ರ ಕೊಡುವ ಮೊದಲು ಕೂತು ನಾಲ್ಕು ಮಾತು ಆಡೋಣ. ನಾನೂ ವಕೀಲಳು, ಇಂಥ ಪತ್ರಗಳು ಬಂದು ಬೀಳುವ ಮೇಜಿನ ಈಚೆ ಕಡೆ ಕೂತವಳು. ಆ ಮೇಜಿನಿಂದ ನೋಡಿದರೆ ನಿನ್ನ ಪತ್ರ ಹೇಗೆ ಕಾಣುತ್ತದೆ ಎಂಬುದನ್ನು ನಿನಗೆ ಹೇಳಬೇಕು.

ಮೊದಲು ನಿನ್ನ ಪರಿಸ್ಥಿತಿಯನ್ನೇ ಸರಿಯಾಗಿ ಬಿಡಿಸಿಟ್ಟುಕೊಳ್ಳೋಣ. ಜುಲೈ 7ರ ಸೋಮವಾರದಿಂದ ಆಗಸ್ಟ್ 2ರವರೆಗೆ ಬರುತ್ತೇನೆಂದು ಒಪ್ಪಿಕೊಂಡಿದ್ದೆ. ತರಗತಿ ಶುರುವಾಗುವುದು ಆಗಸ್ಟಿನಲ್ಲಿ ಅಂದುಕೊಂಡಿದ್ದೆ. ಕಾಲೇಜಿನವರು ಜುಲೈ 21ಕ್ಕೇ ಏಳನೇ ಸೆಮಿಸ್ಟರ್ ಆರಂಭಿಸಿ, ಆ ವಾರದ ಕೊನೆಗೆ ಆಂತರಿಕ ಪರೀಕ್ಷೆ, ತಿಂಗಳ ಕೊನೆಗೆ ಮೂಟ್ ಕೋರ್ಟ್ ಎಂದು ನೋಟಿಸ್ ಹಾಕಿದ್ದಾರೆ. ಹಾಗಾಗಿ ಜುಲೈ 19ಕ್ಕೆ ನಿಲ್ಲಿಸಬೇಕು ಅಂತ ನೀನು ತೀರ್ಮಾನಿಸಿದ್ದೀಯ. ತೀರ್ಮಾನ ತಪ್ಪಲ್ಲ. ಆದರೆ ಯಾಕೆ ಬಿಡುತ್ತಿದ್ದೀಯ ಎಂಬ ಕಾರಣವನ್ನು ಪತ್ರದಲ್ಲಿ ತಪ್ಪಾಗಿ ಬರೆದಿದ್ದೀಯ. ‘ಹಾಜರಾತಿ ಕೊರತೆಯಾಗಿ ಪರೀಕ್ಷೆಗೆ ಕೂರಲು ಬಿಡುವುದಿಲ್ಲ’ ಎಂದಿದೆ. ಅದನ್ನು ಲೆಕ್ಕ ಹಾಕಿ ನೋಡಿದೆಯಾ?

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ 12ನೆಯದು ಹಾಜರಾತಿಯದು. ಪ್ರತಿ ವಿಷಯದಲ್ಲೂ ನಡೆದ ತರಗತಿಗಳಲ್ಲಿ ಶೇ 70 ಹಾಜರಿ ಬೇಕು. ವಿಶೇಷ ಕಾರಣವಿದ್ದರೆ, ಒಂದು ವಿಷಯದಲ್ಲಿ ಶೇ 65ರವರೆಗೆ ಇಳಿದಿದ್ದರೂ, ಎಲ್ಲ ವಿಷಯ ಸೇರಿ ಶೇ 70 ಇದ್ದರೆ ಪ್ರಾಂಶುಪಾಲರು ಅವಕಾಶ ಕೊಡಬಹುದು. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 60 ತರಗತಿ ನಡೆಯುತ್ತದೆ ಅಂದುಕೋ. 42ಕ್ಕೆ ನೀನು ಹೋಗಿರಬೇಕು, 18 ತಪ್ಪಿದರೂ ನಡೆಯುತ್ತದೆ. ವಾರಕ್ಕೆ ಐದು ತರಗತಿಯಂತೆ ಎರಡು ವಾರಕ್ಕೆ ತಪ್ಪುವುದು ಹತ್ತು. ಬರೀ ಹಾಜರಾತಿಯ ಮಾತಾದರೆ ಇನ್ನೂ ಎರಡು ವಾರ ಆಫೀಸಿಗೆ ಹೋಗಿಬರುವಷ್ಟು ಜಾಗ ನಿನಗಿದೆ. ನಿನ್ನ ಸೀನಿಯರ್ ಇದೇ ನಿಯಮಗಳ ಜೊತೆ ಬದುಕಿದವರು. ಅವರು ಮನಸ್ಸಿನಲ್ಲೇ ಈ ಲೆಕ್ಕ ಹಾಕುತ್ತಾರೆ. ಹಾಕಿ, ಹುಡುಗಿ ನೆಪ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ.

ನಿಜವಾದ ಕಾರಣ ಮೂಟ್ ಕೋರ್ಟು. ಅದೇ ನಿಯಮಗಳ ಎರಡನೇ ಅನುಸೂಚಿಯಲ್ಲಿ ನಿಮ್ಮ ನಾಲ್ಕನೇ ಕ್ಲಿನಿಕಲ್ ಪತ್ರಿಕೆಯ ವಿವರ ಇದೆ: ವರ್ಷಕ್ಕೆ ಕನಿಷ್ಠ ಮೂರು ಮೂಟ್, ಒಂದೊಂದಕ್ಕೆ 10 ಅಂಕ. ಜೊತೆಗೆ 12ನೇ ನಿಯಮದ ಶೇ 70 ಮೂಟ್ ಕೋರ್ಟ್ ಅಭ್ಯಾಸಕ್ಕೂ ಅನ್ವಯಿಸುತ್ತದೆ. ಅರವತ್ತು ತರಗತಿಯಲ್ಲಿ ಕೆಲವು ಹೋದರೆ ತುಂಬಿಕೊಳ್ಳಬಹುದು. ಮೂರೇ ಇರುವಲ್ಲಿ ಒಂದು ಹೋದರೆ ಮೂರರಲ್ಲೊಂದು ಪಾಲು ಹೋಯಿತು. ಆಂತರಿಕ ಪರೀಕ್ಷೆಯೂ ಅಷ್ಟೆ, ಅವತ್ತು ನೀನು ಅಲ್ಲೇ ಇರಬೇಕು. ಹಾಗಾದರೆ ಪತ್ರದಲ್ಲಿ ಬರೆಯಬೇಕಾದ ಕಾರಣ ಇದು: ಇಂತಿಂಥ ದಿನ ಆಂತರಿಕ ಪರೀಕ್ಷೆ, ಇಂತಿಂಥ ದಿನ ಮೂಟ್, ಅದರ ತಯಾರಿಗೆ ಮುಂಚಿನ ದಿನಗಳು ಬೇಕು. ಇದಕ್ಕೆ ಒಂದು ವಾಕ್ಯ ಸಾಕು. ನೋಟಿಸಿನ ನಕಲನ್ನು ಪತ್ರದ ಹಿಂದೆ ಪಿನ್ ಮಾಡು. ತಲೆನೋವು, ಮನೆಯಲ್ಲಿ ತೊಂದರೆ, ದೂರದ ಪ್ರಯಾಣ ಅಂತ ಇನ್ನೂ ಮೂರು ಕಾರಣ ಜೋಡಿಸಬೇಡ. ಒಂದು ಗಟ್ಟಿ ಕಾರಣದ ಪಕ್ಕ ಮೂರು ಸಡಿಲ ಕಾರಣ ಇಟ್ಟರೆ ಓದುವವರಿಗೆ ಗಟ್ಟಿಯದರ ಮೇಲೂ ಅನುಮಾನ ಬರುತ್ತದೆ. ಕೋರ್ಟಿನಲ್ಲಿ ಐಎ ಹಾಕುವಾಗಲೂ ಅಷ್ಟೇ ಅಲ್ಲವೇ.

ಇನ್ನು ಬಾಕಿ ಎರಡು ವಾರದ ಮಾತು. ಐದು ವರ್ಷದ ಕೋರ್ಸಿಗೆ ಒಟ್ಟು 20 ವಾರ ಇಂಟರ್ನ್‌ಶಿಪ್ ಆಗಬೇಕು, ಮೂರು ವರ್ಷದ್ದಕ್ಕೆ 12 ವಾರ, ಇದು 25ನೇ ನಿಯಮ. ಅದರಲ್ಲೇ ಇನ್ನೊಂದು ಷರತ್ತಿದೆ: ಯಾವ ವರ್ಷದಲ್ಲೂ ಒಂದೇ ಸಮನೆ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಈ ಎರಡನ್ನೂ ಕೂಡಿಸಿ ನೋಡು. ವರ್ಷಕ್ಕೆ ನಾಲ್ಕು, ಐದು ವರ್ಷಕ್ಕೆ ಇಪ್ಪತ್ತು. ಕರಾರುವಾಕ್ಕು. ಒಂದು ವರ್ಷ ಎರಡು ವಾರ ಕಡಿಮೆಯಾದರೆ ಮುಂದಿನ ವರ್ಷ ಒಟ್ಟಿಗೆ ಆರು ವಾರ ಮಾಡಿ ಸರಿದೂಗಿಸಲು ಬರುವುದಿಲ್ಲ. ಷರತ್ತು ‘ಒಂದೇ ಸಮನೆ’ ಎಂಬುದರ ಮೇಲೆ ನಿಂತಿರುವುದರಿಂದ, ಅದೇ ವರ್ಷ ಬೇರೆ ರಜೆಯಲ್ಲಿ ಬೇರೆಯಾಗಿ ಎರಡು ವಾರ ಮಾಡಿ ತುಂಬಿಕೊಳ್ಳಬಹುದು ಎಂದು ನಾನು ಓದುತ್ತೇನೆ. ಆದರೆ ನನ್ನ ಓದು ನಿನ್ನ ಕಾಲೇಜಿಗೆ ಲೆಕ್ಕಕ್ಕಿಲ್ಲ. ಡೈರಿಯ ನಮೂನೆಯನ್ನು ನಿಗದಿಮಾಡುವುದು ವಿಶ್ವವಿದ್ಯಾಲಯ, ಅದನ್ನು ನೋಡಿ ಅಂಕ ಹಾಕುವುದು ನಿನ್ನ ಮಾರ್ಗದರ್ಶಕರು ಮತ್ತು ಕಾಲೇಜಿನ ಅಧ್ಯಾಪಕರು.

ಆದ್ದರಿಂದ ಸೀನಿಯರ್ ಹತ್ತಿರ ಹೋಗುವುದಕ್ಕೆ ಮೊದಲೇ ಇಂಟರ್ನ್‌ಶಿಪ್ ನೋಡಿಕೊಳ್ಳುವ ಅಧ್ಯಾಪಕರ ಹತ್ತಿರ ಹೋಗು. ಅವರನ್ನು ಕೇಳಬೇಕಾದದ್ದು ಎರಡೇ. ಎರಡು ವಾರದ ಪ್ರಮಾಣಪತ್ರವನ್ನು ಎರಡು ವಾರವೆಂದೇ ದಾಖಲೆಗೆ ತೆಗೆದುಕೊಳ್ಳುತ್ತೀರಾ? ಉಳಿದದ್ದನ್ನು ದಸರಾ ರಜೆಯಲ್ಲೋ ಸೆಮಿಸ್ಟರ್ ಮುಗಿದ ಮೇಲೋ ಬೇರೆ ಕಡೆ ಮಾಡಿದರೆ ಸೇರಿಸಿಕೊಳ್ಳುತ್ತೀರಾ? ಈ ಉತ್ತರ ಕೈಯಲ್ಲಿದ್ದರೆ ನಾಲ್ಕು ವಾರದ ಸುಳ್ಳು ಸಹಿ ಬೇಕು ಅನ್ನಿಸುವುದೇ ಇಲ್ಲ. ಹುಡುಗರು ಪೂರ್ಣ ಅವಧಿಯ ಪತ್ರ ಕೇಳುವುದು ಬಹುಪಾಲು ಹೆದರಿಕೆಯಿಂದ, ಅರ್ಧ ಅವಧಿಯದ್ದು ಕೊಟ್ಟರೆ ಎಲ್ಲಾ ವ್ಯರ್ಥವಾಗುತ್ತದೆ ಎಂಬ ಹೆದರಿಕೆಯಿಂದ. ಕಾಲೇಜಿನಲ್ಲಿ ಒಂದು ಮಾತು ಕೇಳಿದರೆ ಅದು ನಿಜವೋ ಅಲ್ಲವೋ ಗೊತ್ತಾಗಿಬಿಡುತ್ತದೆ.

ಬಿಡುವ ಮೊದಲು ನಿನ್ನ ಡೈರಿ ತೆಗೆದು ಇನ್ನೊಂದು ವಿಷಯ ನೋಡು. ಅದೇ ಕ್ಲಿನಿಕಲ್ ಪತ್ರಿಕೆಯಲ್ಲಿ ವಾರಗಳ ಎಣಿಕೆಗಿಂತ ಬೇರೆಯಾದ ಕೆಲವು ಬೇಡಿಕೆಗಳಿವೆ. ವಕೀಲರ ಆಫೀಸಿನಲ್ಲೋ ಕಾನೂನು ನೆರವಿನ ಕಚೇರಿಯಲ್ಲೋ ಕಕ್ಷಿದಾರರೊಡನೆ ನಡೆಯುವ ಎರಡು ಮಾತುಕತೆಗಳನ್ನು ಕೂತು ಕೇಳಿ ದಾಖಲಿಸಬೇಕು, ಅದಕ್ಕೆ 15 ಅಂಕ. ವಕೀಲರು ದಾವೆಯ ಕಾಗದಪತ್ರ ಸಿದ್ಧಪಡಿಸುವುದನ್ನೂ ಅದನ್ನು ಕೋರ್ಟಿನಲ್ಲಿ ದಾಖಲು ಮಾಡುವ ಕ್ರಮವನ್ನೂ ನೋಡಿ ಬರೆಯಬೇಕು, ಅದಕ್ಕೆ ಇನ್ನು 15. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆಯನ್ನು ನೋಡಿದ ದಾಖಲೆಗೆ ಮತ್ತೆ 30. ಇವೆಲ್ಲ ಈ ಎರಡು ವಾರದಲ್ಲೇ ಮುಗಿಯಬೇಕೆಂದಿಲ್ಲ. ಆದರೆ ಈಗಿನ ಆಫೀಸಿನಲ್ಲಿ ಯಾವುದು ಆಗಿದೆ, ಯಾವುದು ಉಳಿದಿದೆ ಎಂದು ಪಟ್ಟಿ ಮಾಡಿಕೋ. ನೀನು ಹೇಳಿದ ಪ್ರಕಾರ ದಾವೆ ದಾಖಲು ಮಾಡುವುದನ್ನು ಗುಮಾಸ್ತರ ಜೊತೆ ಹೋಗಿ ನೋಡಿದ್ದೀಯ, ಕಕ್ಷಿದಾರರ ಮಾತುಕತೆ ಒಂದೇ ಸಿಕ್ಕಿದೆ. ಹಾಗಾದರೆ ಕೊನೆಯ ವಾರದಲ್ಲಿ ಸೀನಿಯರ್ ಹತ್ತಿರ ಕೇಳಬೇಕಾದ ದೊಡ್ಡ ಉಪಕಾರ ಇದು: ‘ಸರ್, ಈ ವಾರ ಹೊಸ ಕಕ್ಷಿದಾರರು ಯಾರಾದರೂ ಬರುವುದಿದ್ದರೆ, ಅವರು ಒಪ್ಪಿದರೆ, ನಾನು ಕೂತು ಕೇಳಬಹುದೇ?’ ನಾಲ್ಕು ವಾರದ ಸಹಿಗಿಂತ ಇದು ನಿನಗೆ ಹೆಚ್ಚು ಬೇಕಾದದ್ದು, ಅವರಿಗೂ ಕೊಡಲು ಸುಲಭ.

ಈಗ ಹೇಳುವ ರೀತಿ. ಪತ್ರವನ್ನು ಮೇಜಿನ ಮೇಲಿಟ್ಟು ಹೊರಟುಬಿಡಬೇಡ, ವಾಟ್ಸ್ಆ್ಯಪಿನಲ್ಲಿ ಕಳಿಸಿ ಸುಮ್ಮನಾಗಬೇಡ. ಮೊದಲು ಬಾಯಲ್ಲಿ ಹೇಳು. ಬೆಳಗ್ಗೆ ಹತ್ತೂವರೆಗೆ ಫೈಲು ಹಿಡಿದು ಕೋರ್ಟ್ ಹಾಲಿಗೆ ಓಡುವ ಹೊತ್ತಲ್ಲ, ಮಧ್ಯಾಹ್ನ ಪಾಟೀ ಸವಾಲು ಮುಗಿಸಿ ಬಂದ ಹೊತ್ತೂ ಅಲ್ಲ. ಸಂಜೆ ಆಫೀಸಿನಲ್ಲಿ ಮರುದಿನದ ಫೈಲುಗಳನ್ನು ತೆಗೆದಿಟ್ಟು ಮುಗಿದ ಮೇಲೆ ಹೇಳು. ಹೇಳುವ ಮೊದಲು ಆಫೀಸಿನ ಡೈರಿ ನೋಡಿ, ನೀನು ಕೈಹಾಕಿರುವ ಕೇಸುಗಳ ಮುಂದಿನ ತಾರೀಖು ಬರೆದುಕೋ. ಒಂದು ಬಟವಾಡೆ ದಾವೆಗೆ ತೀರ್ಪುಗಳನ್ನು ಹುಡುಕಿ ಟಿಪ್ಪಣಿ ಮಾಡುತ್ತಿದ್ದೀಯ ಅಂದೆಯಲ್ಲ, ಅದರ ವಾದ 23ಕ್ಕೆ ಇದ್ದರೆ ಆ ಟಿಪ್ಪಣಿ 19ರೊಳಗೆ ಅವರ ಕೈ ಸೇರಬೇಕು. ಒಬ್ಬ ಇಂಟರ್ನ್ ನಡುವೆ ಬಿಟ್ಟುಹೋದಾಗ ಆಫೀಸಿಗೆ ತೊಂದರೆಯಾಗುವುದು ಆಕೆ ಇಲ್ಲದ್ದರಿಂದ ಅಲ್ಲ. ಅರ್ಧ ಮಾಡಿಟ್ಟ ಕೆಲಸ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದ್ದರಿಂದ. ವಾದದ ಹಿಂದಿನ ರಾತ್ರಿ ಆ ಹಾಳೆಗಾಗಿ ಜೂನಿಯರ್ ಹುಡುಕಾಡುವಂತಾದರೆ, ಪ್ರಮಾಣಪತ್ರ ಬರೆಯುವ ದಿನ ಸೀನಿಯರ್‌ಗೆ ನೆನಪಿಗೆ ಬರುವುದು ಅದೇ.

ಸಂಬಳವಿಲ್ಲದ ಕೆಲಸ, ಬಿಡುವುದಕ್ಕೆ ಇಷ್ಟೆಲ್ಲ ಯಾಕೆ ಎಂದು ನಿನ್ನ ಗೆಳತಿ ಕೇಳಿದಳಂತೆ. ಅವಳ ಪ್ರಶ್ನೆ ನ್ಯಾಯವಾದದ್ದು. ನಿನ್ನ ಹತ್ತಿರ ಒಪ್ಪಂದವಿಲ್ಲ, ಇಷ್ಟು ದಿನ ಮೊದಲೇ ತಿಳಿಸಬೇಕೆಂಬ ಕರಾರೂ ಇಲ್ಲ, ನಿನ್ನನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಬಸ್ಸಿನ ಹಣ, ಊಟದ ಹಣ ನಿನ್ನ ಅಪ್ಪನದು. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಹಳ್ಳಿಯಿಂದ ಬಂದು ರೂಮು ಮಾಡಿಕೊಂಡು ಹೀಗೆ ದುಡಿಯುವ ಮಕ್ಕಳಿಗೆ ನಾವು ಹಿರಿಯ ವಕೀಲರು ಕನಿಷ್ಠ ಓಡಾಟದ ಖರ್ಚಾದರೂ ಕೊಡಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಆ ಮಾತಿಗೆ ಈ ಪತ್ರ ಜಾಗವಲ್ಲ. ‘ಸಂಭಾವನೆ ಇಲ್ಲದಿದ್ದರೂ ನಾನು ಶ್ರದ್ಧೆಯಿಂದ ಕೆಲಸ ಮಾಡಿದ್ದೇನೆ’ ಎಂದು ಬರೆದಿದ್ದೀಯಲ್ಲ, ಆ ‘ಇಲ್ಲದಿದ್ದರೂ’ ಓದಿದವರಿಗೆ ಚುಚ್ಚುತ್ತದೆ, ನಿನಗೆ ಅದರಿಂದ ಏನೂ ಸಿಗುವುದಿಲ್ಲ. ತೆಗೆದುಹಾಕು. ಅದೇ ರೀತಿ, ಪ್ರಮಾಣಪತ್ರವನ್ನು ಭಿಕ್ಷೆಯಂತೆ ಬೇಡುವುದೂ ಬೇಡ. ‘ದಯಪಾಲಿಸಬೇಕು’, ‘ಕರುಣಿಸಬೇಕು’ ಯಾವುದೂ ಬೇಡ. ನೀನು ಎರಡು ವಾರ ನಿಜವಾಗಿ ಹೋಗಿದ್ದೀಯ. ಹೋದದ್ದನ್ನು ಹೋದೆ ಎಂದು ಬರೆದುಕೊಡಿ ಅಂತ ಕೇಳುವುದಕ್ಕೆ ತಲೆ ತಗ್ಗಿಸಬೇಕಿಲ್ಲ.

ಕೃತಜ್ಞತೆಯ ಪ್ಯಾರಾದಲ್ಲಿ ‘ತಮ್ಮ ಅಮೂಲ್ಯ ಮಾರ್ಗದರ್ಶನಕ್ಕೆ ಚಿರಋಣಿ’ ಎಂದಿದೆ. ಈ ಸಾಲು ಯಾರು ಯಾರಿಗೆ ಬೇಕಾದರೂ ಬರೆಯಬಹುದು. ಆ ಆಫೀಸಿನಲ್ಲಿ ಕಲಿತದ್ದು ಯಾವುದು, ಒಂದೇ ಒಂದು ಹೇಳು ಎಂದು ಮೊನ್ನೆ ಫೋನಿನಲ್ಲಿ ಕೇಳಿದಾಗ ನೀನು ತಡವರಿಸದೆ ಹೇಳಿದೆ. ಪ್ರತಿವಾದಿಯ ಲಿಖಿತ ಹೇಳಿಕೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದಲ್ಲಿ 30 ದಿನ, ಕೋರ್ಟು ಕಾರಣ ಬರೆದು ವಿಸ್ತರಿಸಿದರೆ 90 ದಿನ ಎಂದು ಪುಸ್ತಕದಲ್ಲಿ ಓದಿದ್ದೆ. ಆದರೆ ಆ ದಿನಗಳನ್ನು ಎಲ್ಲಿಂದ ಎಣಿಸಬೇಕು ಎಂಬುದಕ್ಕೆ, ಕಕ್ಷಿದಾರರು ಆಫೀಸಿಗೆ ಬಂದ ದಿನವನ್ನು ನೀನು ಹಿಡಿದುಕೊಂಡಿದ್ದೆ. ಸೀನಿಯರ್ ಸಮನ್ಸಿನ ಹಿಂಬದಿ ತಿರುಗಿಸಿ, ಜಾರಿಯಾದ ದಿನದ ಷರಾ ತೋರಿಸಿ, ಎಣಿಕೆ ಇಲ್ಲಿಂದ ಅಂದರು. ಇದನ್ನೇ ಬರೆ. ಎರಡು ಸಾಲು ಸಾಕು. ಕಲಿಸಿದವರಿಗೆ ತಾನು ಕಲಿಸಿದ್ದು ಎಲ್ಲಿ ನಾಟಿತು ಎಂದು ತಿಳಿಯುವುದಕ್ಕಿಂತ ದೊಡ್ಡ ವಂದನೆ ಬೇರೆ ಬೇಕಾಗುವುದಿಲ್ಲ. ಆದರೆ ಎಚ್ಚರ, ಕಕ್ಷಿದಾರರ ಹೆಸರು, ಕೇಸಿನ ನಂಬರು ಅದರಲ್ಲಿ ಬರಬಾರದು. ಗುಮಾಸ್ತರ ಹೆಸರನ್ನು ಮಾತ್ರ ಬರೆ. ಫೈಲಿಂಗ್ ಕೌಂಟರಿನಲ್ಲಿ ಕೋರ್ಟ್ ಶುಲ್ಕ ಹೇಗೆ ಕಟ್ಟುತ್ತಾರೆ, ಆಕ್ಷೇಪಣೆ ಬಂದರೆ ಹೇಗೆ ಸರಿಪಡಿಸುತ್ತಾರೆ ಎಂದು ನಿನಗೆ ತೋರಿಸಿದವರು ಅವರು. ಇಂಟರ್ನ್‌ಗಳು ಸಾಮಾನ್ಯವಾಗಿ ಅವರನ್ನು ಮರೆಯುತ್ತಾರೆ.

ಪತ್ರ ಹೀಗಿರಲಿ. ನಿನ್ನ ಮಾತಿಗೆ ಹೊಂದುವಂತೆ ಬದಲಿಸಿಕೋ:

‘ಮಾನ್ಯರೇ,

ತಮ್ಮ ಆಫೀಸಿನಲ್ಲಿ ಜುಲೈ 7ರಿಂದ ಆಗಸ್ಟ್ 2ರವರೆಗೆ ಇಂಟರ್ನ್ ಆಗಿ ಬರಲು ತಾವು ಅವಕಾಶ ಕೊಟ್ಟಿದ್ದಿರಿ. ನಮ್ಮ ಕಾಲೇಜಿನಲ್ಲಿ ಏಳನೇ ಸೆಮಿಸ್ಟರಿನ ತರಗತಿಗಳು ಜುಲೈ 21ರಿಂದ ಆರಂಭವಾಗುತ್ತಿದ್ದು, ಅದೇ ವಾರ ಆಂತರಿಕ ಪರೀಕ್ಷೆ ಮತ್ತು 31ರಂದು ಮೂಟ್ ಕೋರ್ಟ್ ನಿಗದಿಯಾಗಿದೆ (ನೋಟಿಸಿನ ನಕಲು ಲಗತ್ತಿಸಿದ್ದೇನೆ). ಆದ್ದರಿಂದ ಸೋಮವಾರ ಸಂಜೆ ತಮ್ಮಲ್ಲಿ ಹೇಳಿಕೊಂಡಂತೆ, ಜುಲೈ 19 ನನ್ನ ಕೊನೆಯ ದಿನವಾಗಿರಲು ಅನುಮತಿ ಕೋರುತ್ತೇನೆ. ಒಪ್ಪಿಕೊಂಡ ಅವಧಿಯನ್ನು ಪೂರ್ತಿ ಮಾಡಲಾಗದ್ದಕ್ಕೆ ವಿಷಾದಿಸುತ್ತೇನೆ.

ಬಟವಾಡೆ ದಾವೆಗೆ ಸಂಬಂಧಿಸಿದ ತೀರ್ಪುಗಳ ಟಿಪ್ಪಣಿಯನ್ನು 18ರಂದು ತಮಗೆ ಒಪ್ಪಿಸುತ್ತೇನೆ. ನನ್ನ ಬಳಿ ಇರುವ ಫೈಲುಗಳನ್ನು ಗುಮಾಸ್ತರಿಗೆ ಹಿಂತಿರುಗಿಸಿ, ನನ್ನ ಫೋನು ಮತ್ತು ಲ್ಯಾಪ್‌ಟಾಪಿನಲ್ಲಿರುವ ಆಫೀಸಿನ ಕಾಗದಗಳ ಚಿತ್ರ, ಕರಡುಗಳನ್ನು ಅಳಿಸಿ ತಮಗೆ ತಿಳಿಸುತ್ತೇನೆ.

ಸಮನ್ಸಿನ ಷರಾ ತೋರಿಸಿ ಅವಧಿ ಎಣಿಸುವುದನ್ನು ತಾವು ಕಲಿಸಿದ ದಿನ, ಪುಸ್ತಕದ ನಿಯಮ ಕಾಗದದ ಮೇಲೆ ಎಲ್ಲಿರುತ್ತದೆ ಎಂಬುದು ನನಗೆ ಮೊದಲ ಸಲ ತಿಳಿಯಿತು. ಅದಕ್ಕಾಗಿ ತಮಗೂ, ದಾಖಲು ಮಾಡುವ ಕ್ರಮವನ್ನು ತಾಳ್ಮೆಯಿಂದ ತೋರಿಸಿದ ಗುಮಾಸ್ತರಿಗೂ ನನ್ನ ವಂದನೆಗಳು.

ನಾನು ಹಾಜರಿದ್ದ ಜುಲೈ 7ರಿಂದ 19ರವರೆಗಿನ ಅವಧಿಗೆ ಇಂಟರ್ನ್‌ಶಿಪ್ ಪ್ರಮಾಣಪತ್ರ ನೀಡಬೇಕೆಂದೂ, ಡೈರಿಗೆ ಸಹಿ ಮಾಡಬೇಕೆಂದೂ ಕೋರುತ್ತೇನೆ. ತಮ್ಮ ಅನುಕೂಲಕ್ಕೆ ಕರಡನ್ನು ಜೊತೆಗಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ’

ಒಂದು ಪುಟದಲ್ಲಿ ಮುಗಿಯಿತು ನೋಡು. ಕಾರಣ, ಕೊನೆಯ ದಿನ, ಒಪ್ಪಿಸುವ ಕೆಲಸ, ವಂದನೆ, ಆಮೇಲೆ ಕೋರಿಕೆ. ಕೋರಿಕೆಯನ್ನು ಕೊನೆಗಿಟ್ಟದ್ದು ಸಂಕೋಚದಿಂದಲ್ಲ. ಕೊಡಬೇಕಾದದ್ದನ್ನು ಕೊಟ್ಟ ಮೇಲೆ ಕೇಳಿದರೆ ಓದುವವರಿಗೆ ಅದು ಸಹಜವಾಗಿ ಕಾಣುತ್ತದೆ.

ಫೋನಿನ ಚಿತ್ರಗಳ ಮಾತನ್ನು ನಾನು ಸುಮ್ಮನೆ ಸೇರಿಸಿಲ್ಲ. ಕಕ್ಷಿದಾರರು ತಮ್ಮ ವಕೀಲರಿಗೆ ಹೇಳಿದ್ದನ್ನು ವಕೀಲರು ಹೊರಗೆಡಹಬಾರದು ಎಂಬ ರಕ್ಷಣೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಅದು ವಕೀಲರ ಗುಮಾಸ್ತರಿಗೂ ನೌಕರರಿಗೂ ಅನ್ವಯಿಸುತ್ತದೆ. ಸಂಬಳವಿಲ್ಲದ ಇಂಟರ್ನ್ ನೌಕರಳೋ ಅಲ್ಲವೋ ಎಂದು ವಾದಿಸುತ್ತಾ ಕೂರಬಹುದು. ಆದರೆ ಆಸ್ತಿ ಹಂಚಿಕೆಯ ಜಗಳದಲ್ಲಿ ಒಬ್ಬ ಹೆಂಗಸು ಅಳುತ್ತಾ ಕೊಟ್ಟ ಕಾಗದದ ಫೋಟೊ, ನಿನ್ನ ಕಾಲೇಜಿನ ಗುಂಪಿನಲ್ಲಿ ಹಂಚಿಕೊಳ್ಳುವ ಟಿಪ್ಪಣಿಗಳ ನಡುವೆ ಸೇರಿಕೊಂಡರೆ ಆ ವಾದದಿಂದ ಅವಳಿಗೆ ಏನೂ ಪ್ರಯೋಜನವಿಲ್ಲ. ಡೈರಿಯಲ್ಲೂ ಅಷ್ಟೆ. ‘ಬಟವಾಡೆ ಕೋರಿ ದಾವೆ, ವಾದಿ ಮಗಳು, ಪ್ರತಿವಾದಿಗಳು ಅಣ್ಣಂದಿರು’ ಎಂದು ಬರೆ. ಊರು, ಹೆಸರು, ಸರ್ವೆ ನಂಬರು ಬೇಡ. ಗ್ಯಾಲರಿಯಿಂದ ಅಳಿಸಿದ ಮೇಲೆ ಫೋನಿನ ಕಸದ ಬುಟ್ಟಿ, ವಾಟ್ಸ್ಆ್ಯಪಿನ ಸಂಭಾಷಣೆ, ಗೂಗಲ್ ಡ್ರೈವ್ ಮೂರನ್ನೂ ನೋಡು. ಅಳಿಸಿ ಆಯಿತು ಎಂದು ಸೀನಿಯರ್‌ಗೆ ಒಂದು ಸಾಲು ಕಳಿಸು.

ಈಗ ಪ್ರಮಾಣಪತ್ರದ ಕರಡು. ವಕೀಲರಿಗೆ ಇದನ್ನೆಲ್ಲ ಕೂತು ಬರೆಯುವ ಪುರುಸೊತ್ತು ಇರುವುದಿಲ್ಲ. ನೀನೇ ಟೈಪ್ ಮಾಡಿಸಿ ಕೊಟ್ಟರೆ ಅವರು ತಿದ್ದಿ ತಮ್ಮ ಲೆಟರ್‌ಹೆಡ್ಡಿನ ಮೇಲೆ ತೆಗೆಸುತ್ತಾರೆ. ಕಾಲೇಜಿನದೇ ನಮೂನೆ ಇದ್ದರೆ ಅದನ್ನೇ ಒಯ್ಯಿ. ಇಲ್ಲದಿದ್ದರೆ ನಿನ್ನ ಹೆಸರು, ರಿಜಿಸ್ಟರ್ ನಂಬರು, ಕಾಲೇಜು, ಸೆಮಿಸ್ಟರು ಬರೆದ ಮೇಲೆ ಹೀಗೆ ಮುಂದುವರಿಸು: ‘ಇವರು ಜುಲೈ 7ರಿಂದ 19ರವರೆಗೆ ಎರಡು ವಾರಗಳ ಕಾಲ ನನ್ನ ಆಫೀಸಿನಲ್ಲಿ ಇಂಟರ್ನ್ ಆಗಿ ಹಾಜರಿದ್ದರು. ಈ ಅವಧಿಯಲ್ಲಿ ಸಿವಿಲ್ ನ್ಯಾಯಾಲಯದ ಕಲಾಪಗಳನ್ನು ಗಮನಿಸಿದರು, ದಾವೆ ದಾಖಲು ಮಾಡುವ ಕ್ರಮವನ್ನು ತಿಳಿದುಕೊಂಡರು, ತೀರ್ಪುಗಳನ್ನು ಹುಡುಕಿ ಟಿಪ್ಪಣಿ ಸಿದ್ಧಪಡಿಸಿದರು. ಕಾಲೇಜಿನ ಪರೀಕ್ಷೆಯ ಕಾರಣ ಜುಲೈ 19ಕ್ಕೆ ಇಂಟರ್ನ್‌ಶಿಪ್ ಮುಗಿಸಿದರು.’ ಕೆಳಗೆ ಅವರ ಸಹಿ, ಬಾರ್ ಕೌನ್ಸಿಲಿನ ನೋಂದಣಿ ಸಂಖ್ಯೆ, ಅವರು ವಕೀಲಿ ಮಾಡುವ ಕೋರ್ಟು, ಸಹಿ ಮಾಡಿದ ದಿನಾಂಕ. ಕೋರ್ಟಿನ ಹೆಸರು ಬಿಡಬೇಡ. ಕೋರ್ಸು ಮುಗಿಯುವುದರೊಳಗೆ ಒಮ್ಮೆಯಾದರೂ ವಿಚಾರಣಾ ನ್ಯಾಯಾಲಯದ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಇದ್ದಿರಬೇಕು ಎಂದು 25ನೇ ನಿಯಮ ಹೇಳುತ್ತದೆ. ಯಾವ ಬಗೆಯ ವಕೀಲರ ಬಳಿ ಇದ್ದೆ ಎಂಬುದಕ್ಕೆ ನಾಳೆ ಈ ಕಾಗದವೇ ಆಧಾರ.

ಕೊನೆಯ ವಾಕ್ಯ ನೋಡಿ ‘ಬಿಟ್ಟುಹೋದೆ ಅಂತ ಯಾಕೆ ಬರೆಸಬೇಕು’ ಅನ್ನಬಹುದು ನೀನು. ಅವರಿಗೆ ಬೇಡವೆನಿಸಿದರೆ ತೆಗೆಯಲಿ. ಆದರೆ ದಿನಾಂಕಗಳನ್ನು ಮಾತ್ರ ಮುಟ್ಟುವ ಹಾಗಿಲ್ಲ. ಸುಳ್ಳು ದಿನಾಂಕ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ಹೇಳುತ್ತೇನೆ ಕೇಳು. ಆಗಸ್ಟ್ 2ರವರೆಗೆ ಹಾಜರಿದ್ದಳು ಎಂಬ ಪ್ರಮಾಣಪತ್ರವನ್ನು ಯಾವ ಕಾಲೇಜಿಗೆ ಕೊಡುತ್ತೀಯೋ ಅದೇ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಜುಲೈ 21ರಿಂದ ನಿನ್ನ ಹೆಸರಿನ ಮುಂದೆ ಹಾಜರಿ ಬಿದ್ದಿರುತ್ತದೆ. ಪರೀಕ್ಷೆಯ ಉತ್ತರ ಪತ್ರಿಕೆ, ಮೂಟ್‌ನ ಅಂಕಪಟ್ಟಿ ಎಲ್ಲವೂ ಅಲ್ಲೇ ಇರುತ್ತವೆ. ಎರಡು ಕಾಗದಗಳೂ ಒಂದೇ ಕೊಠಡಿಯ ಬೀರುವಿನಲ್ಲಿ. ಜೊತೆಗೆ ಡೈರಿ. ಇಲ್ಲದ ಎರಡು ವಾರವನ್ನು ಡೈರಿಯಲ್ಲಿ ತುಂಬಿಸಬೇಕಲ್ಲ. ಭಾನುವಾರ ಕೋರ್ಟು ಹಾಲಿನಲ್ಲಿ ಪಾಟೀ ಸವಾಲು ನೋಡಿದೆ ಎಂದು ಬರೆದಿರುವ ಡೈರಿಗಳು ಹುಟ್ಟುವುದು ಹೀಗೆಯೇ. ವೈವಾದಲ್ಲಿ ಒಂದು ಪ್ರಶ್ನೆ ಕೇಳಿದರೆ ಸಾಕು.

ನಿನಗಾಗುವ ತೊಂದರೆಯಷ್ಟೇ ಅಲ್ಲ. ಸಹಿ ಹಾಕಿದವರು ನೋಂದಾಯಿತ ವಕೀಲರು. ವಕೀಲರ ಅಧಿನಿಯಮ, 1961ರ 35ನೇ ಕಲಮಿನ ಕೆಳಗೆ ದುರ್ನಡತೆಯ ದೂರು ಬಂದರೆ ರಾಜ್ಯ ಬಾರ್ ಕೌನ್ಸಿಲಿನ ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಾದವರು ಅವರು. ಇಂಟರ್ನ್ ಒಬ್ಬಳ ಪತ್ರಕ್ಕಾಗಿ ದೂರು ಅಲ್ಲಿಯವರೆಗೆ ಹೋಗುವುದು ಅಪರೂಪವೇ ಇರಬಹುದು. ಆದರೂ ಎರಡು ವಾರ ಪಾಠ ಹೇಳಿದವರ ಮುಂದೆ ಹೋಗಿ, ನನಗಾಗಿ ನಿಮ್ಮ ಸಹಿಯ ಕೆಳಗೆ ಸುಳ್ಳು ಇರಲಿ ಎಂದು ಕೇಳುವುದು ನನಗೆ ಸಹಿಸಲಾಗದ ಸಂಗತಿ. ಆಗುವುದಿಲ್ಲ ಎಂದು ಹೇಳುವುದಕ್ಕೆ ಕಷ್ಟವಾಗಿ ಕೆಲವರು ಹೂಂ ಅಂದುಬಿಡುತ್ತಾರೆ. ಹಾಗೆ ಹೂಂ ಅನ್ನಿಸುವ ಸ್ಥಿತಿಗೆ ಅವರನ್ನು ತರಬೇಡ. ಅವರಾಗಿಯೇ ‘ಇರಲಿ ಬಿಡಮ್ಮ, ನಾಲ್ಕು ವಾರ ಅಂತಲೇ ಬರೆಯೋಣ’ ಅಂದರೂ, ‘ಬೇಡ ಸರ್, ಎರಡು ವಾರ ಅಂತಲೇ ಇರಲಿ, ಕಾಲೇಜಿನಲ್ಲಿ ಕೇಳಿಕೊಂಡಿದ್ದೇನೆ’ ಅನ್ನು.

ಡೈರಿಗೆ ಆಯಾ ದಿನವೇ, ಹೆಚ್ಚೆಂದರೆ ಆಯಾ ವಾರವೇ ಸಹಿ ಮಾಡಿಸಿಕೋ. ಮೊದಲ ವಾರದ್ದು ಆಗಿಲ್ಲ ಅಂದೆ. ನಾಳೆಯೇ ಒಯ್ಯಿ. ಒಮ್ಮೆ ಆಫೀಸು ಬಿಟ್ಟ ಮೇಲೆ ಹಿಂದಿನ ದಿನಗಳಿಗೆಲ್ಲ ಒಟ್ಟಿಗೆ ಸಹಿ ಕೇಳಿದರೆ ಅವರಿಗೂ ನೆನಪಿರುವುದಿಲ್ಲ, ಅಧ್ಯಾಪಕರಿಗೂ ಒಂದೇ ಪೆನ್ನಿನ ಒಂದೇ ದಿನದ ಸಹಿಗಳು ಎದ್ದು ಕಾಣುತ್ತವೆ.

ಪ್ರಮಾಣಪತ್ರ ತಡವಾದರೆ ಹೆದರಬೇಡ. ಬಹುಮಟ್ಟಿಗೆ ಅದು ಮರೆವು, ಕೋಪವಲ್ಲ. ಒಂದು ವಾರ ಬಿಟ್ಟು ಗುಮಾಸ್ತರಿಗೆ ಫೋನು ಮಾಡಿ, ಕರಡು ಎಲ್ಲಿದೆ ಎಂದು ಕೇಳು. ಎಷ್ಟೋ ಸಲ ಅದು ಯಾವುದೋ ಫೈಲಿನೊಳಗೆ ಸೇರಿಕೊಂಡಿರುತ್ತದೆ. ಇನ್ನೊಂದು ಪ್ರತಿ ತೆಗೆದುಕೊಂಡು, ಸಂಜೆ ಅವರಿರುವ ಹೊತ್ತಿಗೆ ನೀನೇ ಹೋಗು. ಅವಧಿ ಪೂರ್ತಿ ಮಾಡದವರಿಗೆ ಕೊಡುವುದಿಲ್ಲ ಎಂದು ಖಂಡಿತವಾಗಿ ಹೇಳುವ ಸೀನಿಯರ್‌ಗಳೂ ಇದ್ದಾರೆ. ಅದು ಸರಿಯಲ್ಲ ಎಂದು ನನಗನ್ನಿಸುತ್ತದೆ, ಬಂದ ದಿನಗಳನ್ನು ಬರಲಿಲ್ಲ ಎನ್ನಲು ಬರುವುದಿಲ್ಲವಲ್ಲ. ಆದರೆ ಕೊಡಲೇಬೇಕೆಂದು ಅವರನ್ನು ಕಟ್ಟಿಹಾಕುವ ದಾರಿ ನಿನ್ನ ಹತ್ತಿರ ಇಲ್ಲ. ಆಗ ಜಗಳಕ್ಕೆ ಇಳಿಯಬೇಡ. ದಿನವಹಿ ಸಹಿಯಾದ ಡೈರಿ, ನಿನ್ನ ಪತ್ರದ ನಕಲು ಎರಡನ್ನೂ ಅಧ್ಯಾಪಕರಿಗೆ ತೋರಿಸಿ ಅವರು ಏನು ಮಾಡಬಹುದೆಂದು ಕೇಳು. ಡೈರಿಗೆ ಈಗಲೇ ಸಹಿ ಮಾಡಿಸು ಎಂದು ಒತ್ತಿ ಹೇಳುತ್ತಿರುವುದು ಇದಕ್ಕೇ.

ಬಾಕಿ ಎರಡು ವಾರಕ್ಕೆ, ಕಾಲೇಜಿನವರು ಒಪ್ಪಿದರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ ನೋಡು. ನ್ಯಾಯಾಲಯದ ಆವರಣದಲ್ಲೇ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಜಿಲ್ಲಾ ನ್ಯಾಯಾಧೀಶರು ಅದರ ಅಧ್ಯಕ್ಷರು, ದಿನನಿತ್ಯದ ಕೆಲಸ ಕಾರ್ಯದರ್ಶಿಯವರದು, ಅರ್ಜಿಯನ್ನು ಅವರ ಹೆಸರಿಗೆ ಬರೆ. ನೆರವು ಕೇಳಿ ಬರುವ ಜನರ ಮಾತು ಕೇಳುವ ಅವಕಾಶ ಅಲ್ಲಿ ಸಿಕ್ಕರೆ, ನಿನ್ನ ಡೈರಿಯಲ್ಲಿ ಕಡಿಮೆ ಬಿದ್ದಿರುವ ಇನ್ನೊಂದು ಮಾತುಕತೆಯೂ ಅಲ್ಲೇ ತುಂಬಿಕೊಳ್ಳುತ್ತದೆ. ಅರ್ಜಿಯಲ್ಲಿ ಈ ಸಲ ದಿನಾಂಕ ಹಾಕುವ ಮೊದಲು ಕಾಲೇಜಿನ ಶೈಕ್ಷಣಿಕ ಕ್ಯಾಲೆಂಡರು ಪಕ್ಕದಲ್ಲಿಟ್ಟುಕೊಂಡು, ಸೆಮಿಸ್ಟರ್ ಆರಂಭದ ದಿನ ಇನ್ನೂ ಪ್ರಕಟವಾಗಿಲ್ಲದಿದ್ದರೆ, ‘ತರಗತಿ ಬೇಗ ಆರಂಭವಾದರೆ ಮುಂಚಿತವಾಗಿ ತಿಳಿಸಿ ನಿಲ್ಲಿಸಲು ಅನುಮತಿ ಇರಲಿ’ ಎಂಬ ಒಂದು ಸಾಲನ್ನು ಮೊದಲೇ ಸೇರಿಸು.

ನಿನ್ನ ಪತ್ರದ ಎರಡು ಪ್ರತಿ ತೆಗೆ. ಒಂದು ಸೀನಿಯರ್‌ಗೆ, ಇನ್ನೊಂದರ ಮೇಲೆ ಗುಮಾಸ್ತರಿಂದ ‘ತಲುಪಿದೆ’ ಎಂದು ದಿನಾಂಕ ಹಾಕಿಸಿಕೊಂಡು ನಿನ್ನ ಡೈರಿಯೊಳಗೆ ಇಟ್ಟುಕೋ.

ನಿನ್ನ ಅತ್ತೆ